ಎರಡು ರಬ್ಬರ್ ಬ್ಯಾಂಡಿನ ಬಾಟಲಿ

ಕಾರಿನ ಶಬ್ದದ ವಿಷಯದಲ್ಲಿ ನನ್ನ ಗಂಡನ ಜೊತೆ ವಾದ ಮಾಡಿ ನಾನು ಈವರೆಗೆ ಗೆದ್ದದ್ದಿಲ್ಲ. ಉಳಿದ ಎಲ್ಲದರಲ್ಲೂ ಗೆದ್ದಿದ್ದೇನೆ. ಸಾಂಬಾರಿಗೆ ಎಷ್ಟು ಬೆಲ್ಲ ಎನ್ನುವುದರಿಂದ ಹಿಡಿದು ಮಗನನ್ನು ಯಾವ ಕಾಲೇಜಿಗೆ ಹಾಕುವುದು ಎನ್ನುವವರೆಗೆ ಈ ಮನೆಯಲ್ಲಿ ನನ್ನ ಮಾತೇ ನಡೆದದ್ದು. ಆದರೆ ಬಾನೆಟ್ಟಿನ ಒಳಗಿಂದ ಬರುವ ಸದ್ದಿನ ಬಗ್ಗೆ ಇವರು ಒಂದು ಮಾತು ಹೇಳಿದರೆ ಮುಗಿಯಿತು, ನಾನು ಬಾಯಿ ಮುಚ್ಚಿಕೊಳ್ಳಬೇಕು. ಬಾಯಿ ಮುಚ್ಚುವುದು ನನ್ನ ಸ್ವಭಾವ ಅಲ್ಲ, ಆದ್ದರಿಂದ ಗೊಣಗುತ್ತಾ ಮುಚ್ಚುತ್ತೇನೆ.

ನಾವು ಡೊಂಬಿವಲಿಯ ಪೂರ್ವದಲ್ಲಿ ಇರುವುದು. ಇಬ್ಬರೂ ಉಡುಪಿ ಕಡೆಯವರು. ಇವರು ವಾಶಿಯ ಒಂದು ಹೋಟೆಲಿನಲ್ಲಿ ಗಲ್ಲಾದ ಹಿಂದೆ ಕೂತು ತಲೆ ಬೆಳ್ಳಗೆ ಮಾಡಿಕೊಂಡವರು. ಕಣ್ಣಿನ ಒತ್ತಡದ ಕಾಯಿಲೆ ಸದ್ದಿಲ್ಲದೆ ಬಂದು ಮೊದಲು ಬದಿಗಳನ್ನು ತಿಂದಿತು, ಆಮೇಲೆ ನಡುವನ್ನೂ. ಈಗ ಇವರಿಗೆ ಬೆಳಕು ಯಾವ ಕಡೆಯಿಂದ ಬರುತ್ತದೆ ಎನ್ನುವುದಷ್ಟೇ ಗೊತ್ತಾಗುತ್ತದೆ. ಕಣ್ಣು ಹೋದ ಮೇಲೂ ಕಾರನ್ನು ಮಾತ್ರ ಇವರು ಬಿಡಲಿಲ್ಲ. ಹಳೆಯ ಸೆಡಾನ್, ಬಣ್ಣ ಅಲ್ಲಲ್ಲಿ ಮಾಸಿದೆ, ಈಗಿನ ಕಾರುಗಳ ಹಾಗೆ ಕರೆಂಟಿನ ಸ್ಟಿಯರಿಂಗ್ ಅಲ್ಲ. ಪಂಪು, ಬೆಲ್ಟು, ಪೈಪು, ಎಣ್ಣೆ ಎಲ್ಲ ಸೇರಿ ಚಕ್ರ ತಿರುಗಿಸಲು ನಮಗೆ ಕೈ ಕೊಡುವ ಹಳೇ ವ್ಯವಸ್ಥೆ.

ಓಡಿಸುವವಳು ನಾನು. ತಲೆಯಲ್ಲಿ ಬಿಳಿ ಕೂದಲು ಬಂದ ಮೇಲೆ ಕಲಿತೆ. ಕ್ಲಾಸಿನ ಮಾಸ್ತರು ಲೈಸೆನ್ಸ್ ಕೊಡಿಸಿದರು, ಅಷ್ಟೇ. ನಿಜವಾಗಿ ಕಲಿಸಿದ್ದು ಪಕ್ಕದ ಸೀಟಿನಲ್ಲಿ ಕೂತ ಇವರು, ಅದೂ ಬರೀ ಕಿವಿಯಿಂದ. "ಕ್ಲಚ್ಚಿನ ಮೇಲೆ ಕಾಲಿಟ್ಟುಕೊಂಡೇ ಇದ್ದಿ" ಎನ್ನುತ್ತಿದ್ದರು. ನೋಡಿದರೆ ಹೌದು, ಇಟ್ಟುಕೊಂಡೇ ಇದ್ದೆ. ಪಾರ್ಕಿಂಗಿನಲ್ಲಿ ಸ್ಟಿಯರಿಂಗನ್ನು ಕೊನೆಯ ತನಕ ತಿರುಗಿಸಿ ಅಲ್ಲೇ ಹಿಡಿದುಕೊಂಡು ಯೋಚನೆ ಮಾಡುವುದು ನನ್ನ ಅಭ್ಯಾಸವಾಗಿತ್ತು. ಆಗ ಒಳಗಿಂದ ಊಂ ಎಂಬ ರಾಗ ಬರುತ್ತಿತ್ತು. "ಬಿಡು ಮಾರಾಯ್ತಿ, ಸ್ವಲ್ಪ ವಾಪಸ್ ತಿರುಗಿಸು. ಕೊನೆಯಲ್ಲಿ ಹಿಡಿದು ಕೂತರೆ ಪಂಪಿಗೆ ಉಸಿರು ಕಟ್ಟುತ್ತದೆ, ಎಣ್ಣೆ ಕಾಯುತ್ತದೆ" ಎಂದು ಗದರುತ್ತಿದ್ದರು. ಕಾಣದವರಿಂದ ಗದರಿಸಿಕೊಂಡು ಕಾರು ಕಲಿತವಳು ಈ ಊರಲ್ಲಿ ನಾನೊಬ್ಬಳೇ ಇರಬೇಕು.

ಶನಿವಾರ ಬೆಳಗ್ಗೆ ನಮ್ಮ ಮನೆಯಲ್ಲಿ ದೇವರ ಪೂಜೆಗಿಂತ ಮೊದಲು ಕಾರಿನ ಪೂಜೆ. ನಾನು ಬಾನೆಟ್ ಎತ್ತಬೇಕು, ಇವರು ಕೈಯಲ್ಲಿ ಒಂದೊಂದನ್ನೇ ಮುಟ್ಟಿ ನೋಡಬೇಕು. ಇಂಜಿನ್ ತಣ್ಣಗಿರುವಾಗ ಸ್ಟಿಯರಿಂಗ್ ಎಣ್ಣೆಯ ಡಬ್ಬಿಯ ಮುಚ್ಚಳ ತೆಗೆದು ಅದರಲ್ಲೇ ಇರುವ ಕಡ್ಡಿಯನ್ನು ಒರೆಸಿ, ಮತ್ತೆ ಮುಳುಗಿಸಿ, ಎಣ್ಣೆ ಯಾವ ಗೆರೆಗೆ ಬಂದಿದೆ ಎಂದು ನಾನು ಓದಿ ಹೇಳಬೇಕು. ತಣ್ಣಗಿರುವಾಗ ಒಂದು ಗೆರೆ, ಬಿಸಿಯಿರುವಾಗ ಇನ್ನೊಂದು. ಅರ್ಧಂಬರ್ಧ ಹೇಳಿದರೆ ಒಪ್ಪುವವರಲ್ಲ. "ಗೆರೆಯ ಮೇಲೋ ಕೆಳಗೋ ಹೇಳು, ಹತ್ತಿರ ಹತ್ತಿರ ಅಂತ ಹೇಳಬೇಡ."

ಬಾಟಲಿಗಳ ವ್ಯವಸ್ಥೆ ಇವರದ್ದೇ. ಒಂದೇ ನಮೂನೆಯ ಬಿಳಿ ಪ್ಲಾಸ್ಟಿಕ್ ಬಾಟಲಿಗಳು, ಒಳಗಿನದ್ದು ಹೊರಗೆ ಕಾಣುವುದಿಲ್ಲ. ಗುರುತಿಗೆ ಕುತ್ತಿಗೆಗೆ ರಬ್ಬರ್ ಬ್ಯಾಂಡ್. ಹೋಟೆಲಿನವರ ಮನೆಯಲ್ಲಿ ರಬ್ಬರ್ ಬ್ಯಾಂಡಿಗೆ ಬರಗಾಲ ಉಂಟೇ? ಪಾರ್ಸೆಲ್ ಸಾಂಬಾರಿನ ಪ್ಯಾಕೆಟಿಗೆ ಸುತ್ತುವ ಬ್ಯಾಂಡುಗಳ ಒಂದು ಡಬ್ಬಿಯೇ ನಮ್ಮಲ್ಲಿತ್ತು. ಒಂದು ಬ್ಯಾಂಡ್ ಇದ್ದರೆ ಗಾಜು ತೊಳೆಯುವ ನೀರು. ಎರಡಿದ್ದರೆ ಸ್ಟಿಯರಿಂಗಿನ ಕೆಂಪು ಎಣ್ಣೆ. ಮೂರಿದ್ದರೆ ಬ್ರೇಕ್ ಎಣ್ಣೆ. ಮೂರೂ ಬಾಟಲಿ ಡಿಕ್ಕಿಯ ಮೂಲೆಯಲ್ಲಿ ಒಂದು ರಟ್ಟಿನ ಪೆಟ್ಟಿಗೆಯಲ್ಲಿ. ಇವರು ಬೆರಳಾಡಿಸಿ ಎಣಿಸಿ ಕೊಡುತ್ತಿದ್ದರು, ಕಣ್ಣಿದ್ದ ನಾನೂ ಹಾಗೇ ಎಣಿಸುವುದನ್ನು ರೂಢಿ ಮಾಡಿಕೊಂಡಿದ್ದೆ.

ಇಷ್ಟೆಲ್ಲ ಕಟ್ಟುನಿಟ್ಟು ಶನಿವಾರ ಸಂಜೆಗಾಗಿ. ವಾಶಿಯಲ್ಲಿ ನಮ್ಮ ಕಡೆಯವರ ಭಜನೆ ನಡೆಯುತ್ತದೆ. ಮೊದಲ ಪ್ರಾರ್ಥನೆ ಎತ್ತುವುದು ಇವರು, ಕೊನೆಗೆ ಮಂಗಳ ಹಾಡುವುದೂ ಇವರು. ಲೋಕಲ್ ಟ್ರೇನಿನಲ್ಲಿ ಹೋಗಲು ಒಮ್ಮೆ ನೋಡಿದ್ದೆವು. ಠಾಣೆ ರೈಲ್ವೆ ಸ್ಟೇಷನ್ನಿನಲ್ಲಿ ಗಾಡಿ ಬದಲಿಸುವಾಗ ಜನ ನೂಕಿದ ರಭಸಕ್ಕೆ ಇವರು ಬಿದ್ದು ಮೊಣಕಾಲು ಸುಲಿದುಕೊಂಡರು, ಆವತ್ತಿಗೆ ಅದು ಮುಗಿಯಿತು. ಬಾಡಿಗೆ ಕಾರಿನಲ್ಲೂ ಹೋಗಿದ್ದೇವೆ. ಹಿಂದಿನ ಸೀಟಿನಲ್ಲಿ ಇವರು ಕೈ ಮಡಿಚಿ ಯಾರೋ ಇಟ್ಟು ಹೋದ ಚೀಲದ ಹಾಗೆ ಕೂತಿದ್ದರು. ನಮ್ಮ ಕಾರಿನಲ್ಲಾದರೆ ಇವರು ಅದರ ಯಜಮಾನ. ಕಾರು ಹೋದರೆ ಮನೆಯಲ್ಲಿ ಉಳಿಯುವುದು ಬರೀ ಕಣ್ಣು ಕಾಣದ ಒಬ್ಬ ಮನುಷ್ಯ.

ಇದು ನಮ್ಮ ಮಗನಿಗೆ ಅರ್ಥವಾಗುತ್ತಿರಲಿಲ್ಲ. ಅವನು ಹುಟ್ಟಿದ್ದು ಬೆಳೆದದ್ದು ಇಲ್ಲೇ, ಕೆಲಸ ವಾಶಿ ದಾರಿಯ ಮಹಾಪೆಯಲ್ಲಿ. ನಾವು ಕನ್ನಡದಲ್ಲಿ ಕೇಳಿದರೆ ಅವನು ಹಿಂದಿಯಲ್ಲಿ ಉತ್ತರ ಕೊಡುತ್ತಾನೆ. ಕೆಟ್ಟವನಲ್ಲ, ಹೆದರುಪುಕ್ಕಲ. ಹಳೇ ಕಾರು, ವಯಸ್ಸಾದ ತಾಯಿ, ಕಣ್ಣು ಕಾಣದ ತಂದೆ, ಶೀಳ್ ರಸ್ತೆಯ ಟ್ರಕ್ಕುಗಳು. ಇವೆಲ್ಲ ಸೇರಿ ಅವನಿಗೆ ಶನಿವಾರ ನಿದ್ದೆ ಬರುವುದಿಲ್ಲವಂತೆ. ಒಂದು ದಿನ ಊಟದ ತಟ್ಟೆಯ ಮುಂದೆ ಹೇಳಿಯೇಬಿಟ್ಟ, "ಪಪ್ಪಾ, ಏಕ್ ಬಾರ್ ಭೀ ಗಾಡಿನೇ ರಸ್ತೇ ಪೆ ಛೋಡ್ ದಿಯಾ, ತೋ ಮೈ ಬೇಚ್ ದೂಂಗಾ."

ಒಂದೇ ಒಂದು ಸಲ ಕಾರು ನಮ್ಮನ್ನು ದಾರಿಯಲ್ಲಿ ಕೈಬಿಟ್ಟರೆ ಮಾರಿಬಿಡುತ್ತೇನೆ ಎಂದು ಅದರ ಅರ್ಥ. ನಾನು ಸೌಟು ಹಿಡಿದುಕೊಂಡೇ ಜಗಳಕ್ಕೆ ಹೋದೆ. ಇವರು ನನ್ನನ್ನು ತಡೆದು, "ಆಯ್ತು, ಒಪ್ಪಿದೆ" ಅಂದರು. ಮಾತು ಕೊಟ್ಟರೆ ಇವರು ತಪ್ಪುವವರಲ್ಲ, ನನಗೆ ಹೊಟ್ಟೆ ಉರಿಯುವುದು ಅದಕ್ಕೇ.

ಆ ಶನಿವಾರ ಬೆಳಗ್ಗೆ ನೋಡಿದಾಗ ಎಣ್ಣೆ ಗೆರೆಗಿಂತ ಕೂದಲೆಳೆ ಕೆಳಗಿತ್ತು. ಹೇಳಿದೆ. "ಹೋದ ವಾರ ಗೆರೆಯ ಮೇಲಿತ್ತಲ್ಲ?" ಎಂದು ಇವರು ಹುಬ್ಬು ಗಂಟಿಕ್ಕಿದರು. ಪೈಪಿನ ಉದ್ದಕ್ಕೂ ಬೆರಳಾಡಿಸಿದರು, ಬೆರಳಿಗೆ ಏನೂ ಅಂಟಲಿಲ್ಲ. ಕೂದಲೆಳೆಗೆ ಈಗ ಹಾಕುವುದು ಬೇಡ, ಸೋಮವಾರ ಮೆಕ್ಯಾನಿಕ್ಕಿಗೆ ತೋರಿಸುವ ಎಂದು ಮಾತಾಯಿತು. ಸಂಜೆಯ ಚಾ ಮುಗಿಸಿ ಹೊರಟೆವು.

ಕಲ್ಯಾಣ-ಶೀಳ್ ರಸ್ತೆಗೆ ಬಂದು ಒಂದು ಕಡೆ ವಾಹನಗಳ ಸಾಲು ತಪ್ಪಿಸಲು ಸ್ಟಿಯರಿಂಗ್ ಜೋರಾಗಿ ತಿರುಗಿಸಿದೆ. ಡ್ಯಾಶ್‌ಬೋರ್ಡಿನಲ್ಲಿ ಸ್ಟಿಯರಿಂಗ್ ಚಿತ್ರದ ಹಳದಿ ದೀಪ ಒಮ್ಮೆ ಮಿನುಗಿ ಆರಿತು. ಎಲ್ಲ ಹಳೇ ಕಾರುಗಳಲ್ಲಿ ಈ ದೀಪ ಇರುವುದಿಲ್ಲವಂತೆ, ನಮ್ಮದರಲ್ಲಿ ಉಂಟು. ನಾನು ಹೇಳಬೇಕು ಎಂದುಕೊಳ್ಳುವಷ್ಟರಲ್ಲಿ ಇವರು ಕೇಳಿದರು.

"ಎಂತ ಅದು ಶಬ್ದ?"

"ಎಂತ ಶಬ್ದ? ಟ್ರಕ್ಕಿನದ್ದು ಇರಬೇಕು."

"ಟ್ರಕ್ಕಿನದ್ದಲ್ಲ, ನಮ್ಮದು. ನೀನು ತಿರುಗಿಸುವಾಗ ಏರ್ತದೆ, ನೆಟ್ಟಗೆ ಮಾಡುವಾಗ ಇಳೀತದೆ. ದೀಪ ಏನಾದರೂ ಬಂತಾ?"

"ಬಂದು ಹೋಯ್ತು."

"ತಿರುವಿನಲ್ಲಾ?"

ಹೌದು, ತಿರುವಿನಲ್ಲೇ. ಎಣ್ಣೆ ಕಡಿಮೆಯಾದಾಗ ಕಾರು ವಾಲಿದರೆ ಡಬ್ಬಿಯೊಳಗಿನ ಎಣ್ಣೆ ಒಂದು ಬದಿಗೆ ಸರಿಯುತ್ತದೆ, ಆಗ ದೀಪ ಹತ್ತುತ್ತದೆ, ನೆಟ್ಟಗಾದರೆ ಆರುತ್ತದೆ. ಇವರು ಅದನ್ನೆಲ್ಲ ವಿವರಿಸಲು ಹೊರಡಲಿಲ್ಲ. "ಎಡಕ್ಕೆ ಎಲ್ಲಿ ಜಾಗ ಸಿಗ್ತದೆ ನೋಡಿ ನಿಲ್ಲಿಸು" ಅಂದರು, ಅಷ್ಟೇ. ಅಷ್ಟು ಹೊತ್ತಿಗೆ ನನಗೂ ಕೇಳತೊಡಗಿತ್ತು. ಸೊಳ್ಳೆ ಕಿವಿಯ ಹತ್ತಿರ ಬಂದ ಹಾಗೆ ಊಂಯ್ ಎಂದು ಶುರುವಾಗಿ, ಆಕ್ಸಿಲರೇಟರ್ ಒತ್ತಿದರೆ ಇನ್ನಷ್ಟು ಎಳೆಯುತ್ತಿತ್ತು.

ನಿಲ್ಲಿಸುವುದೆಂದರೆ ಏನೆಂದು ನನಗೆ ಗೊತ್ತಿತ್ತು. ನಿಂತರೆ ಮಗನ ಷರತ್ತು. "ಶೀಳ್ ಫಾಟಾದ ಕೂಡುರಸ್ತೆ ದಾಟುವ ಮಾರಾಯ್ರೆ, ವಾಶಿಗೆ ಹೋಗಿ ಅಲ್ಲಿ ನೋಡುವ" ಎಂದೆ. ಇವರು ಮುಖವನ್ನು ನನ್ನ ಕಡೆ ತಿರುಗಿಸಿ, "ನಿಲ್ಲಿಸು ಅಂದೆ" ಎಂದರು. ಗಲ್ಲಾದ ಹಿಂದೆ ಕೂತವರ ಆ ದನಿ ನನಗೆ ಗೊತ್ತು. ಪೆಟ್ರೋಲ್ ಬಂಕ್ ಸಿಕ್ಕಿತು. ಪಂಪುಗಳಿಂದ ದೂರ, ಚಕ್ರಕ್ಕೆ ಗಾಳಿ ಹಾಕುವ ಮೂಲೆಯಲ್ಲಿ ಸಮತಟ್ಟು ಜಾಗ ನೋಡಿ ನಿಲ್ಲಿಸಿ ಹ್ಯಾಂಡ್ ಬ್ರೇಕ್ ಎಳೆದೆ.

"ಗೇರು ನ್ಯೂಟ್ರಲ್ಲಿಗೆ ಹಾಕು. ಸ್ಟಿಯರಿಂಗ್ ಮುಟ್ಟಬೇಡ, ಸ್ವಲ್ಪ ರೇಸ್ ಮಾಡು" ಅಂದರು. ಮಾಡಿದೆ. ರಾಗ ಏರಿತು. "ಬೆಲ್ಟ್ ಜಾರಿದರೆ ಕಿರ್ರ್ ಅಂತ ಚೀರ್ತದೆ. ಇದು ಬೆಲ್ಟಲ್ಲ, ಪಂಪಿನ ಕೂಗು. ಎಣ್ಣೆಯ ಜೊತೆ ಗಾಳಿ ಎಳೀತಾ ಉಂಟು. ಬಂದ್ ಮಾಡು." ಬಂದ್ ಮಾಡಿದೆ. ಕೂಡಲೇ ಬಾನೆಟ್ಟಿಗೆ ಕೈ ಹಾಕಲು ಹೋದರೆ, "ಸ್ವಲ್ಪ ತಡಿ, ಒಳಗೆ ಎಲ್ಲ ಕುದೀತಾ ಇರ್ತದೆ" ಎಂದು ಕೂರಿಸಿದರು. ಭಜನೆಗೆ ಹೊತ್ತಾಗುತ್ತಿದೆ, ಇವರು ಪಾಯಸ ತಣಿಯಲಿ ಎನ್ನುವವರ ಹಾಗೆ ಕೂತಿದ್ದಾರೆ. ನನಗೆ ಮೈಯೆಲ್ಲ ಉರಿ.

ಬಾನೆಟ್ ಎತ್ತಿದ್ದನ್ನು ನೋಡಿ ಬಂಕಿನ ಒಬ್ಬ ಕೆಲಸಗಾರ ಬಂದ. ನಮ್ಮಿಬ್ಬರ ಮಾತು ಕಿವಿಗೆ ಬಿದ್ದಿತ್ತೇನೋ, ನೇರ ಕನ್ನಡದಲ್ಲೇ ಕೇಳಿದ, "ಏನಾತ್ರಿ ಅಕ್ಕಾರ? ಗಾಡಿ ಬಿಸಿ ಆಗೇತೇನ್ರಿ? ನೀರ್ ತರ್ಲ್ಯಾ?" ಕಲಬುರಗಿ ಕಡೆಯವನಂತೆ. ನಾನು ಬೇಡ ಎನ್ನುವ ಮೊದಲೇ ಓಡಿ ಹೋಗಿ ಒಂದು ಬಾಟಲಿ ನೀರು ತಂದುಬಿಟ್ಟ. ಇವರು ಅವನಿಗೆ, "ನೀರು ಇರಲಿ ಮಾರಾಯ, ಉಪಯೋಗ ಆಗ್ತದೆ. ಇದು ಸ್ಟಿಯರಿಂಗಿನ ತೊಂದರೆ" ಎಂದರು.

"ಅಷ್ಟ ಏನ್ರಿ! ಮುಂದ ಫಾಟಾದಾಗ ಮೆಕ್ಯಾನಿಕ್ ಅದಾನ್ರಿ. ಹಂಗ ನಿಧಾನಕ್ಕ ಹೊಡ್ಕೊಂಡ್ ಹೋಗ್ರಿ."

"ಕೇಳಿದ್ರಾ?" ಎಂದೆ ನಾನು. ಇವರು ಕೇಳದವರ ಹಾಗೆ, "ಮೊದಲು ಕೆಳಗೆ ನೋಡು. ನೆಲದಲ್ಲಿ ಏನಾದರೂ ಬಿದ್ದಿದೆಯಾ?" ಎಂದರು.

ಸೀರೆ ಸೆಕ್ಕಿಕೊಂಡು ಬಗ್ಗಿ ನೋಡಿದೆ. ಬಂಕಿನ ನೆಲ ಮೊದಲೇ ಎಣ್ಣೆಮಯ, ನಮ್ಮದು ಯಾವುದು ಊರಿನದ್ದು ಯಾವುದು ಗೊತ್ತಾಗಲಿಲ್ಲ. "ಹಾಗಾದರೆ ಪೇಪರ್ ಹಾಸು" ಅಂದರು. ಹಳೇ ಪೇಪರನ್ನು ಡಿಕ್ಕಿಯಿಂದ ತಂದು ಇಂಜಿನ್ನಿನ ಕೆಳಗೆ ತಳ್ಳಿದೆ. ಆಮೇಲೆ ಬಟ್ಟೆ ಹಿಡಿದು ಮುಚ್ಚಳ ತಿರುಗಿಸಿ ತೆಗೆದೆ. ಕಡ್ಡಿಯ ತುದಿ ಮಾತ್ರ ಒದ್ದೆಯಾಗಿತ್ತು, ಕೆಳಗಿನ ಗೆರೆಯನ್ನೂ ಮುಟ್ಟಿರಲಿಲ್ಲ. ಒಳಗೆ ಇಣುಕಿದರೆ ಕೆಂಪು ಎಣ್ಣೆಯ ಮೇಲೆ ಗುಲಾಬಿ ನೊರೆ.

"ನೊರೆ ಉಂಟಾ? ಹಾಗಾದರೆ ಗಾಳಿ ಸೇರಿದೆ. ಬಣ್ಣ ಕಪ್ಪಾಗಿಲ್ಲವಲ್ಲ? ಸುಟ್ಟ ವಾಸನೆ?"

"ಇಲ್ಲ. ಕೆಂಪೇ ಉಂಟು."

"ಒಳ್ಳೇದಾಯ್ತು. ಪಂಪು ಇನ್ನೂ ಸತ್ತಿಲ್ಲ." ಇವರ ಮುಖ ಸ್ವಲ್ಪ ಸಡಿಲವಾಯಿತು. "ಮೊದಲು ಎಣ್ಣೆ ಹಾಕಿ ನೋಡುವ. ಎರಡು ಬ್ಯಾಂಡಿನದ್ದು ತಾ."

ಡಿಕ್ಕಿಗೆ ಹೋಗಿ ಪೆಟ್ಟಿಗೆಯಲ್ಲಿ ಕೈ ಹಾಕಿದೆ. ಎರಡು ಬ್ಯಾಂಡಿನ ಬಾಟಲಿ ಕೈಗೆ ಸಿಕ್ಕಿತು, ತಂದೆ. ಮುಚ್ಚಳ ಬಿಚ್ಚಿ ಡಬ್ಬಿಯ ಬಾಯಿಗೆ ಹಿಡಿಯಲು ಹೋದೆ. ಅಷ್ಟರಲ್ಲಿ ಇವರ ಕೈ ನಡುವೆ ಬಂತು.

"ನನ್ನ ಬೆರಳಿಗೆ ಒಂದು ತೊಟ್ಟು."

ಇದು ಇವರ ಇನ್ನೊಂದು ಕಾಟ. ಪ್ರತಿ ಸಲ, ಯಾವ ಎಣ್ಣೆಯಾದರೂ, ಹಾಕುವ ಮೊದಲು ಬೆರಳಿಗೆ ಒಂದು ತೊಟ್ಟು ಬೀಳಬೇಕು. "ಎಣಿಸಿ ತಂದಿದ್ದೇನೆ ಮಾರಾಯ್ರೆ! ಇಲ್ಲಿ ಭಜನೆಗೆ ಹೊತ್ತಾಗ್ತಾ ಉಂಟು, ನಿಮಗೆ ಮದುವೆ ಮನೆಯ ಭಟ್ಟರ ಹಾಗೆ ರುಚಿ ನೋಡುವ ಕೆಲಸ!" ಎಂದು ಸಿಡುಕಿದೆ. ಸಿಡುಕಿಕೊಂಡೇ ಒಂದು ತೊಟ್ಟು ಬಿಟ್ಟೆ.

ಇವರು ಹೆಬ್ಬೆರಳಿನಿಂದ ಉಜ್ಜಿದರು. ಮೂಗಿನ ಹತ್ತಿರ ಹಿಡಿದರು. ಮತ್ತೆ ಉಜ್ಜಿದರು. ಮುಖ ಬಿಗಿಯಿತು.

"ಹಾಕಿದೆಯಾ?"

"ಇಲ್ಲ, ಎಲ್ಲಿ ಬಿಟ್ಟಿರಿ ನೀವು?"

"ಹಾಕಬೇಡ. ಇದು ಅದಲ್ಲ. ಆ ನೀರು ಕೊಡು."

ಬಂಕಿನವ ತಂದ ನೀರನ್ನು ಬಾಟಲಿಯ ಮುಚ್ಚಳಕ್ಕೆ ಸ್ವಲ್ಪ ಸುರಿಸಿದರು, ಅದಕ್ಕೆ ಈ ಎಣ್ಣೆಯ ಒಂದು ತೊಟ್ಟು ಹಾಕಿಸಿದರು. "ಏನಾಯ್ತು ಹೇಳು. ಮೇಲೆ ತೇಲ್ತಾ ಉಂಟಾ?"

ತೇಲುವುದೆಲ್ಲಿ! ಸಕ್ಕರೆ ಪಾಕ ನೀರಿಗೆ ಬಿದ್ದ ಹಾಗೆ ಎಳೆ ಎಳೆಯಾಗಿ ಕರಗಿ ಹೋಯಿತು. ಬಣ್ಣವೂ ಕೆಂಪಲ್ಲ, ತೆಳು ಹಳದಿ. ಕೈಯಲ್ಲಿ ಬಾಟಲಿ ಹಿಡಿದವಳು ನಾನು, ನೋಡುವ ಕಣ್ಣಿದ್ದವಳೂ ನಾನೇ.

"ಕರಗಿತು."

"ಬ್ರೇಕ್ ಎಣ್ಣೆ" ಎಂದರು ಇವರು. ದನಿ ಬಹಳ ಸಣ್ಣದಾಗಿತ್ತು. "ಸ್ಟಿಯರಿಂಗಿನದ್ದು ನೀರಿನ ಮೇಲೆ ತೇಲ್ತದೆ, ಬ್ರೇಕಿನದ್ದು ನೀರಿನ ಜೊತೆ ಸೇರ್ತದೆ. ಇದು ಒಳಗೆ ಹೋಗಿದ್ದರೆ ರಬ್ಬರ್ ಸೀಲೆಲ್ಲ ಉಬ್ಬಿ ಮೆತ್ತಗಾಗಿ, ಪಂಪು, ಚಕ್ರ ತಿರುಗಿಸುವ ಕೆಳಗಿನ ರ‍್ಯಾಕು ಎಲ್ಲ ಹಾಳಾಗ್ತಿತ್ತು. ಆಮೇಲೆ ಮಗ ಮಾರುವುದೂ ಬೇಡ, ಗುಜರಿಗೇ ಕೊಡಬೇಕಿತ್ತು."

ಪೆಟ್ಟಿಗೆಯನ್ನೇ ಎತ್ತಿ ತಂದೆ. ಒಳಗೆ ಎರಡು ಬ್ಯಾಂಡಿನ ಇನ್ನೊಂದು ಬಾಟಲಿಯೂ ಇತ್ತು! ಮೂರು ಬ್ಯಾಂಡಿನದ್ದು ಇರಲೇ ಇಲ್ಲ. ಪೆಟ್ಟಿಗೆಯ ತಳದಲ್ಲಿ ಕಂದು ಬಣ್ಣದ ತುಂಡುಗಳು ಕಂಡವು, ಮುಟ್ಟಿದರೆ ಹಪ್ಪಳದ ಹಾಗೆ ಮುರಿದವು. ಏಪ್ರಿಲ್ ಮೇ ತಿಂಗಳ ಬಿಸಿಲು ಡಿಕ್ಕಿಯೊಳಗೆ ಬೇಯಿಸಿ ಬೇಯಿಸಿ ಬ್ರೇಕ್ ಬಾಟಲಿಯ ಮೂರನೇ ಬ್ಯಾಂಡನ್ನು ತಿಂದುಹಾಕಿತ್ತು. ಒಂದು ಬ್ಯಾಂಡ್ ಹರಿದರೆ ಮೂರು ಎರಡಾಗುತ್ತದೆ ಎನ್ನುವುದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಇಂಥ ತಪ್ಪು ಸಾಂಬಾರ್ ಪಾರ್ಸೆಲ್ ಕಟ್ಟಿದವರ ಮನೆಯಲ್ಲಿ ಮಾತ್ರ ನಡೆದೀತು.

ಹೇಳಿದೆ. ಇವರು ಆ ತುಂಡುಗಳನ್ನು ಕೈಗೆ ಇಸಿದುಕೊಂಡು ಪುಡಿ ಮಾಡಿ, "ನನ್ನ ಲೆಕ್ಕವೇ ತಪ್ಪು. ಕಳೆದುಹೋಗುವ ಗುರುತು ಗುರುತಲ್ಲ. ಬ್ರೇಕ್ ಎಣ್ಣೆಯನ್ನು ಅದರ ಸೀಲಿನ ಡಬ್ಬಿಯಿಂದ ತೆಗೆದು ಇಡಲೂ ಬಾರದಿತ್ತು, ಅದು ಗಾಳಿಯ ತೇವ ಕುಡೀತದೆ" ಅಂದರು. ನಾನು ಬೈಯಲು ಬಾಯಿ ತೆರೆದವಳು ಸುಮ್ಮನಾದೆ. ಲೆಕ್ಕ ತಪ್ಪಿದ್ದು ಇವರದ್ದೇ ಇರಬಹುದು, ಆದರೆ ತನ್ನ ಲೆಕ್ಕವನ್ನೂ ನಂಬದೆ ಒಂದು ತೊಟ್ಟು ಬೆರಳಿಗೆ ಹಾಕಿಸಿಕೊಂಡ ಆ ಮನುಷ್ಯನನ್ನು ಏನೆಂದು ಬೈಯುವುದು? ನನಗೆ ಆಗ ಇವರ ಮೇಲೆ ಉಕ್ಕಿ ಬಂದ ಪ್ರೀತಿಯನ್ನು ಬಂಕಿನಲ್ಲಿ ತೋರಿಸಲು ಆಗುತ್ತದೆಯೇ? "ಸಾಕು, ಈಗ ಸರಿಯಾದ್ದನ್ನು ಹಾಕುವ" ಎಂದು ಗೊಣಗಿದೆ.

ಇನ್ನೊಂದು ಬಾಟಲಿಯ ತೊಟ್ಟು ಬೆರಳಿಗೆ ಬಿತ್ತು, ನೀರಿಗೂ ಬಿತ್ತು. ಕೆಂಪಗೆ ತೇಲಿತು. ಸ್ವಲ್ಪ ಸ್ವಲ್ಪವಾಗಿ ಡಬ್ಬಿಗೆ ಸುರಿದೆ, ಗೆರೆ ಮೀರದ ಹಾಗೆ. ಇಂಜಿನ್ ಚಾಲೂ ಮಾಡಿ ಸ್ಟಿಯರಿಂಗನ್ನು ನಿಧಾನವಾಗಿ ಆ ಕೊನೆಗೊಮ್ಮೆ ಈ ಕೊನೆಗೊಮ್ಮೆ ತಿರುಗಿಸಿದೆ, ಕೊನೆಯಲ್ಲಿ ಹಿಡಿಯದೆ. ಹೀಗೆ ಮಾಡಿದರೆ ಒಳಗೆ ಸೇರಿದ ಗಾಳಿ ಗುಳ್ಳೆಯಾಗಿ ಡಬ್ಬಿಗೆ ಬಂದು ಹೋಗುತ್ತದೆ. ಮಟ್ಟ ಇಳಿಯಿತು, ಮತ್ತೆ ಸ್ವಲ್ಪ ಹಾಕಿದೆ. ಆ ಊಂಯ್ ರಾಗ ತೆಳುವಾಗುತ್ತಾ ಬಂದು ನಿಂತೇ ಹೋಯಿತು. ದೀಪವೂ ಇಲ್ಲ.

"ಹೋಯ್ತು!" ಎಂದು ನಾನು ಕೂಗಿದೆ. "ಹತ್ತಿ, ಹತ್ತಿ. ಪ್ರಾರ್ಥನೆ ತಪ್ಪಿದರೂ ಮಂಗಳಕ್ಕೆ ಸಿಗ್ತೇವೆ."

ಇವರು ಹತ್ತಲಿಲ್ಲ. "ಶಬ್ದ ಹೋಯ್ತು. ಎಣ್ಣೆ ಎಲ್ಲಿಗೆ ಹೋಗಿತ್ತು ಅಂತ ಗೊತ್ತಾಯ್ತಾ? ಪೇಪರ್ ತೆಗಿ."

ಇಂಜಿನ್ ನಿಲ್ಲಿಸಿ ಪೇಪರ್ ಎಳೆದೆ. ನಡುವಿನಲ್ಲಿ ಕೆಂಪು ತೊಟ್ಟುಗಳು, ಒಂದರ ಮೇಲೊಂದು ಬಿದ್ದು ಹರಡಿದ್ದವು. ಮೇಲೆ ಎಲ್ಲಿಂದ ಎಂದು ಮೊಬೈಲಿನ ಬೆಳಕು ಹಾಯಿಸಿದೆ. ಎಣ್ಣೆ ಡಬ್ಬಿಗೆ ಮರಳಿ ಬರುವ ರಬ್ಬರ್ ಪೈಪಿನ ಬುಡದಲ್ಲಿ, ಕ್ಲಿಪ್ಪಿನ ಹಿಂದೆ ಒಂದು ಬಿರುಕು, ಸುತ್ತ ಒದ್ದೆ. ಬೆಳಗ್ಗೆ ತಣ್ಣಗಿದ್ದಾಗ ಮುಚ್ಚಿಕೊಂಡಿತ್ತೇನೋ, ಬಿಸಿಯಾದ ಮೇಲೆ ಬಾಯಿ ಬಿಟ್ಟಿತ್ತು. ಬಂಕಿನವನ ಸ್ಕ್ರೂಡ್ರೈವರಿನಲ್ಲಿ ಕ್ಲಿಪ್ ಬಿಗಿದು ನೋಡಿದೆವು. ಹೊಸ ಪೇಪರ್ ಹಾಸಿ ಇಂಜಿನ್ ಚಾಲೂ ಮಾಡಿದೆವು. ತೊಟ್ಟು ನಿಲ್ಲಲಿಲ್ಲ, ಇನ್ನೂ ಬೇಗ ಬೇಗ ಬಿತ್ತು.

ಇವರು ಬಗ್ಗಿ ಆ ಪೇಪರನ್ನು ಮುಟ್ಟಿದರು. "ಬಿಸಿಯೇ ಉಂಟು. ಇಲ್ಲ. ಈ ಕಾರು ಇವತ್ತು ಇಲ್ಲಿಂದ ಮುಂದೆ ಹೋಗುವುದಿಲ್ಲ."

"ಬಾಟಲಿಯಲ್ಲಿ ಎಣ್ಣೆ ಉಂಟಲ್ಲ! ನಡುನಡುವೆ ಹಾಕ್ತಾ ಹೋಗುವ."

"ಅದು ಖಾಲಿಯಾದರೆ?"

"ಸ್ಟಿಯರಿಂಗ್ ಗಟ್ಟಿಯಾಗ್ತದೆ, ಅಷ್ಟೇ ಅಲ್ವಾ? ತಿರುಗದೇ ಇರುವುದಿಲ್ಲವಲ್ಲ. ನಾನು ಜೀವಮಾನ ಇಡೀ ರುಬ್ಬುಗುಂಡು ತಿರುಗಿಸಿದವಳು, ಇದನ್ನು ತಿರುಗಿಸಲಾರೆನಾ?"

ಇವರು ನಕ್ಕುಬಿಟ್ಟರು. ಆಮೇಲೆ ನನ್ನ ತೋಳು ಹುಡುಕಿ ಹಿಡಿದು ಹೇಳಿದರು, "ತಿರುಗಿಸ್ತಿ. ಗೊತ್ತುಂಟು ನನಗೆ. ಆದರೆ ಮಹಾಪೆಯ ತಿರುವಿನಲ್ಲಿ ಪಕ್ಕದಲ್ಲಿ ಟ್ರಕ್ ಇರುವಾಗ ಒಮ್ಮೆಲೇ ಗಟ್ಟಿಯಾದರೆ? ಒಣ ಪಂಪು ಸುಟ್ಟೇ ಹೋಗ್ತದೆ. ಎಣ್ಣೆ ಬಿಸಿ ಸೈಲೆನ್ಸರಿಗೆ ಬಿದ್ದರೆ ಹೊಗೆ, ಬೆಂಕಿ. ಕಾರು ಹೋದರೆ ಹೋಗಲಿ. ನೀನು ಬೇಕು ನನಗೆ."

ಮದುವೆಯಾಗಿ ಇಷ್ಟು ವರ್ಷದಲ್ಲಿ ಇವರು ಇಂಥ ಮಾತು ಆಡಿದ್ದು ಅದೇ ಮೊದಲು, ಅದೂ ಬಂಕಿನ ಗಾಳಿ ಹಾಕುವ ಮೂಲೆಯಲ್ಲಿ, ಕಲಬುರಗಿಯವನ ಎದುರು. ಅವನು ನಾಚಿ ಆ ಕಡೆ ತಿರುಗಿ ನಿಂತ.

"ಮಗನಿಗೆ ಫೋನ್ ಹಚ್ಚು" ಎಂದರು.

"ಈಗಲೇ ಬೇಡ. ಮೊದಲು ಗುಟ್ಟಾಗಿ ಟೋ ಗಾಡಿ ಕರೆಸುವ, ರಿಪೇರಿ ಆದ ಮೇಲೆ..."

"ಹಚ್ಚು. ಒಪ್ಪಿದ್ದು ಒಪ್ಪಿದ್ದೇ."

ಹಚ್ಚಿ ಕೈಗೆ ಕೊಟ್ಟೆ. ಇವರು ನೆಟ್ಟಗೆ ನಿಂತು, ಯಾರಿಗೋ ಹೋಟೆಲಿನ ದಿನದ ವರದಿ ಒಪ್ಪಿಸುವವರ ಹಾಗೆ ಹೇಳಿದರು, "ಕಾರು ದಾರಿಯಲ್ಲಿ ನಿಂತಿದೆ. ಸ್ಟಿಯರಿಂಗಿನ ಪೈಪು ಒಡೆದಿದೆ. ನಾವಿಬ್ಬರೂ ಸರಿಯಿದ್ದೇವೆ. ನಿನ್ನ ಮಾತು ನನಗೆ ನೆನಪುಂಟು, ಯಾರಿಗೆ ಮಾರುವುದು ಅಂತ ನೀನು ನೋಡು." ಫೋನ್ ನನಗೆ ಕೊಟ್ಟು, ಬಾನೆಟ್ಟಿನ ಅಂಚಿನ ಮೇಲೆ ಕೈಯಿಟ್ಟು ನಿಂತರು. ಆ ಕೈಯನ್ನು ನೋಡಲಾಗದೆ ನಾನು ರಸ್ತೆಯ ಕಡೆ ನೋಡಿದೆ.

ಮಗ ಮಹಾಪೆಯ ಆಫೀಸಿನಿಂದ ಸ್ಕೂಟರಿನಲ್ಲಿ ಬಂದ, ಹೆಲ್ಮೆಟ್ ತೆಗೆಯುವ ಮೊದಲೇ ಬೈಯಲು ಶುರು ಮಾಡಿದ. ಬೈಯುತ್ತಾ ಬಾನೆಟ್ಟಿನ ಹತ್ತಿರ ಬಂದವನು ನೆಲದ ಮೇಲಿನ ಪೇಪರ್ ನೋಡಿದ. ಮುಚ್ಚಳದ ನೀರಿನಲ್ಲಿ ತೇಲುತ್ತಿದ್ದ ಕೆಂಪು ತೊಟ್ಟು ನೋಡಿದ. "ಯೇ ಕ್ಯಾ ಹೈ?" ಎಂದು ಕೇಳಿದ. ನಾನೇ ಎಲ್ಲ ಹೇಳಿದೆ. ದೀಪ ಮಿನುಗಿದ್ದು, ಪಂಪಿನ ರಾಗ, ಬ್ಯಾಂಡ್ ಹರಿದದ್ದು, ಬೆರಳಿನ ತೊಟ್ಟು, ಬಿಗಿದರೂ ನಿಲ್ಲದ ಸೋರಿಕೆ. ಹೊಡ್ಕೊಂಡ್ ಹೋಗ್ರಿ ಎಂದು ತಾನೇ ಹೇಳಿದ್ದನ್ನು ಬಂಕಿನವ ಮರೆತು, "ಅಪ್ಪಾರು ಬಿಡಲೇ ಇಲ್ರಿ, ಗಾಡಿ ತೆಗಿಯಾಕ ಬಿಡಲೇ ಇಲ್ಲ!" ಎಂದು ಸಾಕ್ಷಿ ಹೇಳಿದ.

ಮಗ ಕೂತು ಪೈಪಿನ ಬಿರುಕನ್ನು ನೋಡಿದ. ಎದ್ದು ಅಪ್ಪನ ಹತ್ತಿರ ಬಂದ. ಇವರು, "ಹೂಂ. ಕಾರು ಕೈಬಿಟ್ಟಿತು. ನೀನು ಹೇಳಿದ ಹಾಗೆ ಮಾಡು" ಎಂದರು.

"ನಹೀ, ಪಪ್ಪಾ" ಎಂದ ಅವನು. ಆಮೇಲೆ, ನನಗೆ ನೆನಪಿರುವ ಮಟ್ಟಿಗೆ ದೊಡ್ಡವನಾದ ಮೇಲೆ ಮೊದಲ ಸಲ, ತಡವರಿಸುತ್ತಾ ಕನ್ನಡದಲ್ಲಿ ಹೇಳಿದ, "ಗಾಡಿ ನಿಮ್ಮನ್ನು ಬಿಡಲಿಲ್ಲ. ಗಾಡಿಯನ್ನು ನೀವು... ನೀವೇ ನಿಲ್ಲಿಸಿದ್ದು."

ಇವರು ಹಳೇ ಅಭ್ಯಾಸಕ್ಕೆ ಹಾಕಿಕೊಳ್ಳುವ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. ಕಣ್ಣು ಕಾಣದವರಿಗೆ ಕನ್ನಡಕದ ಗಾಜು ಮಂಜಾದರೆ ಏನು, ಆಗದಿದ್ದರೆ ಏನು? ನಾನು ಕೇಳಲಿಲ್ಲ. ಯಾವತ್ತೂ ಬಾಯಿ ಮುಚ್ಚದವಳು ಆವತ್ತು ಗೊಣಗದೆಯೇ ಮುಚ್ಚಿಕೊಂಡೆ.

ಭಜನೆ ಆ ಶನಿವಾರ ತಪ್ಪಿತು. ಟೋ ಗಾಡಿ ಕಾರನ್ನು ಡೊಂಬಿವಲಿಗೆ ಎಳೆದು ತಂದಿತು. ಮೆಕ್ಯಾನಿಕ್ ಪೈಪು, ಕ್ಲಿಪ್ ಎರಡನ್ನೂ ಬದಲಾಯಿಸಿ ಹಳೇ ಎಣ್ಣೆ ಇಳಿಸಿ ಹೊಸದು ತುಂಬಿಸಿದ. ಬೇಗ ನಿಲ್ಲಿಸಿದ್ದರಿಂದ ಪಂಪಿಗೆ ಏನೂ ಆಗಿಲ್ಲ ಎಂದ. ಬಿಳಿ ಬಾಟಲಿಗಳನ್ನು ನಾನು ಎಸೆದೆ. ಈಗ ಎರಡೂ ಎಣ್ಣೆ ಕಂಪನಿಯ ಡಬ್ಬಿಯಲ್ಲೇ ಇರುತ್ತವೆ. ಮಗ ಒಂದು ಡಬ್ಬಿಯ ಮುಚ್ಚಳಕ್ಕೆ ಕಾಯಿಸಿದ ಮೊಳೆಯಿಂದ ಎರಡು ಗೀರು ಹಾಕಿದ್ದಾನೆ, ಇನ್ನೊಂದಕ್ಕೆ ಮೂರು. ಬೆರಳಿಗೆ ತೊಟ್ಟು ಹಾಕಿಸಿಕೊಳ್ಳುವುದನ್ನು ಇವರು ಮಾತ್ರ ಬಿಟ್ಟಿಲ್ಲ, ನಾನೂ ಬಿಡಲು ಹೇಳುವುದಿಲ್ಲ.

ಮುಂದಿನ ಶನಿವಾರ ಹೊರಡುವಾಗ, ಆಫೀಸಿಗೆ ರಜೆ ಹಾಕಿದ್ದ ಮಗ ಹಾಲು ತರುವ ನೆಪದಲ್ಲಿ ಕೆಳಗಿಳಿದು ಬಂದ. ಮನೆಯಲ್ಲಿ ಹಾಲು ಬೇಕಾದಷ್ಟಿತ್ತು. ನಾನು ಚಾಲೂ ಮಾಡಿ ಸ್ಟಿಯರಿಂಗನ್ನು ಒಂದು ಕೊನೆಗೆ ತಿರುಗಿಸಿದೆ, ಹಿಡಿಯದೆ ವಾಪಸ್ ತಂದೆ, ಇನ್ನೊಂದು ಕೊನೆಗೆ ಒಯ್ದೆ. ಪಕ್ಕದ ಸೀಟಿನಲ್ಲಿ ಇವರು ಕಣ್ಣು ಮುಚ್ಚಿ, ತಲೆಯನ್ನು ಎಡಕ್ಕೆ ವಾಲಿಸಿ ಕೇಳುತ್ತಿದ್ದರು. ಕನ್ನಡಿಯಲ್ಲಿ ನೋಡಿದೆ. ಗೇಟಿನ ಹತ್ತಿರ ಮಗನೂ ಕಣ್ಣು ಮುಚ್ಚಿದ್ದ, ತಲೆಯನ್ನು ಎಡಕ್ಕೆ ವಾಲಿಸಿಕೊಂಡು ನಿಂತಿದ್ದ.

"ಏನೂ ಇಲ್ಲ, ಹೊರಡು" ಎಂದರು ಇವರು. ಹೊರಗಿನಿಂದ ಮಗನೂ ಅದೇ ಹೊತ್ತಿಗೆ ಕೈ ಬೀಸಿದ.